ಸಬ್ಸಿಡಿ ಎಲ್ಲಿ ಹೋಯಿತು?

ಉಜ್ವಲ ಗ್ಯಾಸ್ ಇರುವವರಿಗೆ ಸಿಲಿಂಡರಿಗೆ 300 ರೂಪಾಯಿ ಸಬ್ಸಿಡಿ ಎಂದು 2023ರ ಅಕ್ಟೋಬರಿನಲ್ಲಿ ಸರ್ಕಾರ ಹೇಳಿತು. ಮೊದಲು ಪೂರ್ತಿ ದುಡ್ಡು ಕೊಡಬೇಕು. ಸಬ್ಸಿಡಿ ಆಮೇಲೆ ಬ್ಯಾಂಕಿಗೆ ಬರುತ್ತದೆ.

ಮೈಸೂರಿನ ಒಬ್ಬ ಅಕ್ಕ ಜೂನ್ 3ಕ್ಕೆ ಸಿಲಿಂಡರ್ ಬುಕ್ ಮಾಡಿದರು ಎನ್ನೋಣ. 15 ಆದರೂ ಬರಲಿಲ್ಲ. ಆಗ ಏಜೆನ್ಸಿಗೆ ಹೀಗೆ ಬರೆಯಬೇಕು:

"ನನ್ನ ಗ್ರಾಹಕರ ನಂಬರು, ಬುಕಿಂಗ್ ನಂಬರು ಮೇಲೆ ಬರೆದಿದ್ದೇನೆ. ಜೂನ್ 3ಕ್ಕೆ ಬುಕ್ ಮಾಡಿದೆ. ಇನ್ನೂ ಸಿಲಿಂಡರ್ ಬಂದಿಲ್ಲ. ಏಪ್ರಿಲಿನಲ್ಲಿ ತಗೊಂಡ ಸಿಲಿಂಡರಿನ ಸಬ್ಸಿಡಿಯೂ ಬಂದಿಲ್ಲ. ಅದು ಯಾವ ಬ್ಯಾಂಕಿಗೆ ಹೋಗಿದೆ, ತಿಳಿಸಿ."

ಈ ಕೊನೆಯ ಮಾತು ಬಿಡಬೇಡಿ. ಎರಡು ಬ್ಯಾಂಕಿನಲ್ಲಿ ಖಾತೆ ಇದ್ದರೆ, ಸಬ್ಸಿಡಿಗೆಂದು ಆಧಾರ್ ಕೊನೆಗೆ ಜೋಡಿಸಿದ ಬ್ಯಾಂಕಿಗೇ ದುಡ್ಡು ಹೋಗುತ್ತದೆ. ಹಳೇ ಪಾಸ್‌ಬುಕ್ಕಿನಲ್ಲಿ ಎಷ್ಟು ಹುಡುಕಿದರೂ ಸಿಗೋದಿಲ್ಲ.

ಅರ್ಜಿಯ ನಕಲಿಗೆ ಸಹಿ, ಸೀಲು ಹಾಕಿಸಿಕೊಳ್ಳಿ. ಏಜೆನ್ಸಿಯವರು ಕಿವಿಗೆ ಹಾಕಿಕೊಳ್ಳದಿದ್ದರೆ 1800-2333-555ಕ್ಕೆ ಫೋನ್ ಮಾಡಿ. ಅವರು ಕೊಡುವ ದೂರಿನ ನಂಬರನ್ನು ಅದೇ ನಕಲಿನ ಮೇಲೆ ಬರೆದಿಡಿ.