ಹೊಸ ಟೈರು ಏಕೆ ಜಾರುತ್ತದೆ?

ಹೊಸ ಚಪ್ಪಲಿ ಕಾಲನ್ನು ಕಚ್ಚುವುದು ಎಲ್ಲರೂ ಕಂಡ ಸಂಗತಿ. ಹೊಸ ಟೈರಿನ ಸ್ವಭಾವ ಇದಕ್ಕೆ ವಿರುದ್ಧವಾದುದು. ಕಚ್ಚಿ ಹಿಡಿಯಬೇಕಾದ ರಸ್ತೆಯನ್ನು ಅದು ಮೊದಮೊದಲು ಸರಿಯಾಗಿ ಹಿಡಿಯುವುದಿಲ್ಲ. ಸವೆದ ಟೈರನ್ನು ತೆಗೆಸಿ ಹೊಸದನ್ನು ಹಾಕಿಸಿಕೊಂಡ ಮೋಟಾರುಸೈಕಲ್ ಸವಾರನು, ಇನ್ನು ಜಾರುವ ಭಯವಿಲ್ಲವೆಂಬ ಧೈರ್ಯದಿಂದ ಹೊರಟು, ಅಂಗಡಿಯಿಂದಾಚೆಗಿನ ಮೊದಲನೆಯ ತಿರುವಿನಲ್ಲಿಯೇ ನೆಲಕ್ಕೆ ಬೀಳುವುದುಂಟು. ಇದು ಟೈರಿನ ದೋಷವಲ್ಲ. ಅದು ತಯಾರಾದ ಬಗೆಯನ್ನು ತಿಳಿದರೆ ಇದರ ಕಾರಣ ತಾನಾಗಿಯೇ ಸ್ಪಷ್ಟವಾಗುತ್ತದೆ.

ಕಾರ್ಖಾನೆಯಲ್ಲಿ ಪದರಪದರವಾಗಿ ಜೋಡಿಸಿದ ಹಸಿ ಟೈರು ಮೆತ್ತಗೆ, ಅಂಟಂಟಾಗಿ ಇರುತ್ತದೆ. ಅದರ ಮೈಮೇಲೆ ಗೆರೆಯಾಗಲಿ ಗಾಡಿಯಾಗಲಿ ಇರುವುದಿಲ್ಲ. ಅದನ್ನು ಲೋಹದ ಅಚ್ಚಿನೊಳಗೆ ಇಟ್ಟು ಮುಚ್ಚಿ, ಒಳಗಡೆಯಿಂದ ಒಂದು ರಬ್ಬರಿನ ಚೀಲವನ್ನು ಹಬೆಯಿಂದ ಉಬ್ಬಿಸಿ, ಅಚ್ಚಿನ ಗೋಡೆಗೆ ಬಲವಾಗಿ ಒತ್ತುತ್ತಾರೆ. ಅಚ್ಚಿನ ಉಷ್ಣತೆ ಸುಮಾರು 150ರಿಂದ 180 ಡಿಗ್ರಿ ಸೆಂಟಿಗ್ರೇಡ್. ಈ ಬಿಸಿಯಲ್ಲಿ, ರಬ್ಬರಿಗೆ ಮೊದಲೇ ಬೆರೆಸಿದ ಗಂಧಕವು ಅದರ ಉದ್ದನೆಯ ಅಣುಸರಪಣಿಗಳನ್ನು ಒಂದಕ್ಕೊಂದು ಹೆಣೆಯುತ್ತದೆ. 1839ರಲ್ಲಿ ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ ಕಂಡುಕೊಂಡ ಕ್ರಿಯೆಯೇ ಇದು. ಅಂಟಾಗಿದ್ದ ರಬ್ಬರು ಆಗ ಗಟ್ಟಿಯಾದ, ಪುಟಿಯುವ ವಸ್ತುವಾಗುತ್ತದೆ.

ಆದರೆ ಗಟ್ಟಿಯಾಗುವುದಕ್ಕೆ ಮೊದಲು ಅದು ಬಿಸಿಯಿಂದ ಇನ್ನಷ್ಟು ಮೆತ್ತಗಾಗಿ, ಅಚ್ಚಿನ ಸೂಕ್ಷ್ಮವಾದ ಸಂದುಗೊಂದುಗಳಿಗೆಲ್ಲ ಹರಿಯುತ್ತದೆ. ಹಾಗೆಯೇ ಬಿಟ್ಟರೆ ಟೈರು ಅಚ್ಚಿಗೆ ಅಂಟಿಕೊಳ್ಳಬಹುದು. ಎಳೆದು ತೆಗೆಯುವಾಗ ಮೈ ಕಿತ್ತುಬರಬಹುದು. ನಮ್ಮ ಮನೆಗಳಲ್ಲಿ ಇಡ್ಲಿ ಹಿಟ್ಟನ್ನು ಹೊಯ್ಯುವ ಮುನ್ನ ತಟ್ಟೆಗೆ ಎಣ್ಣೆ ಸವರುವುದು ಇಂಥ ತೊಂದರೆಯನ್ನು ತಪ್ಪಿಸುವುದಕ್ಕಾಗಿಯೇ. ಟೈರು ತಯಾರಕರೂ ಅಚ್ಚಿಗೆ ಅಥವಾ ಹಸಿ ಟೈರಿಗೆ ಒಂದು ಬಿಡಿಸುವ ಲೇಪವನ್ನು ಕೊಡುತ್ತಾರೆ. ಅನೇಕವೇಳೆ ಅದು ಸಿಲಿಕೋನ್ ಎಂಬ ದ್ರವ್ಯದಿಂದ ಕೂಡಿರುತ್ತದೆ. ಸಿಲಿಕೋನಿನ ಅಣುಗಳಿಗೆ ಇತರ ವಸ್ತುಗಳ ಮೇಲೆ ಇರುವ ಆಕರ್ಷಣೆ ಬಹಳ ಕಡಿಮೆ; ಬಿಸಿಗೂ ಅವು ಬೇಗ ಕೆಡುವುದಿಲ್ಲ. ಆದ್ದರಿಂದ ಟೈರು ಅಚ್ಚನ್ನು ಸುಲಭವಾಗಿ ಬಿಟ್ಟುಬರುತ್ತದೆ. ಆದರೆ ಇಡ್ಲಿಯ ತಳದಲ್ಲಿ ಎಣ್ಣೆಯ ಪಸೆ ಉಳಿಯುವಂತೆ, ಈ ಲೇಪದ ತೆಳುವಾದ ಅಂಶವೂ ಟೈರಿನ ಮೈಮೇಲೆ ಉಳಿದುಬಿಡುತ್ತದೆ. ಅದರ ಜೊತೆಗೆ, ನಯವಾದ ಅಚ್ಚಿನ ಪಡಿಯಚ್ಚಾದ ಟೈರಿನ ಚರ್ಮವೂ ನಯವಾಗಿಯೇ ಹೊಳೆಯುತ್ತಿರುತ್ತದೆ.

ಅಚ್ಚನ್ನು ಬಿಡಿಸಿದ ಗುಣವೇ ರಸ್ತೆಯನ್ನು ಹಿಡಿಯಲು ಹೇಗೆ ಅಡ್ಡಿಯಾಗುತ್ತದೆಂಬುದನ್ನು ಈಗ ನೋಡೋಣ. ರಬ್ಬರಿನ ಘರ್ಷಣೆಯಲ್ಲಿ ಎರಡು ಅಂಶಗಳಿವೆ. ರಬ್ಬರಿನ ಅಣುಗಳು ರಸ್ತೆಯ ಕಲ್ಲಿಗೆ ಅತ್ಯಂತ ಸಮೀಪಕ್ಕೆ ಬಂದು ಅದಕ್ಕೆ ಕ್ಷಣಕಾಲ ಅಂಟಿಕೊಳ್ಳುವುದು ಒಂದು. ರಸ್ತೆಯ ಉಬ್ಬುತಗ್ಗುಗಳ ಮೇಲೆ ಜರುಗುವಾಗ ರಬ್ಬರು ತಗ್ಗಿ ಮತ್ತೆ ಉಬ್ಬುತ್ತ, ಒಳಗೇ ಶಕ್ತಿಯನ್ನು ಶಾಖವಾಗಿ ಕಳೆದುಕೊಳ್ಳುವುದು ಮತ್ತೊಂದು. 1963ರಲ್ಲಿ ಗ್ರೋಷ್ ಎಂಬ ವಿಜ್ಞಾನಿ ತನ್ನ ಪ್ರಯೋಗಗಳಿಂದ ಇವೆರಡನ್ನೂ ಬೇರ್ಪಡಿಸಿ ತೋರಿಸಿದನು. ಸಿಲಿಕೋನಿನ ಪಸೆಯು ಮೊದಲನೆಯ ಅಂಶವನ್ನು ಕುಗ್ಗಿಸುತ್ತದೆ. ಅಣುಗಳ ಆಕರ್ಷಣೆಯ ವ್ಯಾಪ್ತಿ ಅತ್ಯಲ್ಪವಾದುದರಿಂದ, ಕಣ್ಣಿಗೆ ಕಾಣದಷ್ಟು ತೆಳುವಾದ ಪೊರೆಯೂ ಅದನ್ನು ತಡೆಯಲು ಸಾಕು. ರಸ್ತೆ ಒದ್ದೆಯಾಗಿದ್ದರಂತೂ ನೀರಿನ ಪೊರೆಯೂ ಸೇರಿಕೊಂಡು ಅಪಾಯ ಹೆಚ್ಚುತ್ತದೆ.

ಇದರಿಂದ ಸವಾರನಿಗೆ ಏನಾಗುತ್ತದೆಂಬುದನ್ನು ಒಂದು ಲೆಕ್ಕದಿಂದ ತಿಳಿಯಬಹುದು. 20 ಮೀಟರು ತ್ರಿಜ್ಯದ ಒಂದು ತಿರುವನ್ನು ಊಹಿಸಿಕೊಳ್ಳೋಣ. ಜಾರದೆ ತಿರುಗಬೇಕಾದರೆ ಘರ್ಷಣೆಯ ಗುಣಾಂಕವು ಕನಿಷ್ಠಪಕ್ಷ v²/rg ಎಂಬಷ್ಟು ಇರಬೇಕು. ಇಲ್ಲಿ v ವೇಗ, r ತ್ರಿಜ್ಯ, g ಗುರುತ್ವದ ವೇಗೋತ್ಕರ್ಷ. ಗಂಟೆಗೆ 36 ಕಿಲೋಮೀಟರು, ಅಂದರೆ ಸೆಕೆಂಡಿಗೆ 10 ಮೀಟರು ವೇಗದಲ್ಲಿ ಇದು ಸುಮಾರು 0.51 ಆಗುತ್ತದೆ, ವಾಹನವು ಸುಮಾರು 27 ಡಿಗ್ರಿ ವಾಲಬೇಕು. ಪಳಗಿದ ಟೈರಿಗೆ ಒಣರಸ್ತೆಯಲ್ಲಿ ಸುಮಾರು 0.8ರ ಗುಣಾಂಕ ದೊರೆಯುವುದರಿಂದ ಭಯವಿಲ್ಲ. ಹೊಸ ಟೈರಿಗೆ ಅಷ್ಟು ದೊರೆತೀತೆಂಬ ಭರವಸೆಯಿಲ್ಲ. ಅದೇ ತಿರುವನ್ನು ಗಂಟೆಗೆ 25 ಕಿಲೋಮೀಟರು ವೇಗದಲ್ಲಿ ದಾಟಿದರೆ ಬೇಕಾದ ಗುಣಾಂಕ ಸುಮಾರು 0.25 ಮಾತ್ರ, ವಾಲುವಿಕೆ 14 ಡಿಗ್ರಿ. ವೇಗವು ಸುಮಾರು ಮೂರರಲ್ಲೊಂದು ಪಾಲು ಇಳಿದರೆ ಬೇಕಾದ ಹಿಡಿತವು ಸುಮಾರು ಅರ್ಧಕ್ಕೆ ಇಳಿಯುತ್ತದೆ. ಮೆಲ್ಲಗೆ ಹೋಗಬೇಕೆಂಬ ಬುದ್ಧಿವಾದದ ತಿರುಳು ಇದೇ.

ಎಷ್ಟು ದೂರ ಹೀಗೆ ಹೋಗಬೇಕು? ಸುಮಾರು 160 ಕಿಲೋಮೀಟರು ಎಂದು ಅನೇಕ ತಯಾರಕರು ಹೇಳುತ್ತಾರೆ. ಆದರೆ ಮೋಟಾರುಸೈಕಲ್ಲಿನ ವಿಷಯದಲ್ಲಿ ದೂರವೊಂದನ್ನೇ ನಂಬುವುದು ತಪ್ಪಾದೀತು. ಅದರ ಟೈರಿನ ಮೈ ದುಂಡಗಿದೆ. ನೇರವಾಗಿ ಹೋಗುವಾಗ ರಸ್ತೆಯನ್ನು ಮುಟ್ಟುವುದು ನಡುವಿನ ಪಟ್ಟಿ ಮಾತ್ರ. ವಾಲಿದಾಗ ಮುಟ್ಟುವುದು ಅಂಚಿನ ಕಡೆಯ ಭಾಗ. ಬೆಂಗಳೂರಿನಿಂದ ತುಮಕೂರಿನವರೆಗೆ ಹೆದ್ದಾರಿಯಲ್ಲಿ ನೇರವಾಗಿ ಎರಡು ಮೂರು ಬಾರಿ ಹೋಗಿಬಂದ ಟೈರಿನ ನಡುಭಾಗವು ಚೆನ್ನಾಗಿ ಪಳಗಿರಬಹುದು. ಆದರೂ ಅಂಚುಗಳು ಅಚ್ಚಿನಿಂದ ಬಂದಾಗ ಇದ್ದಂತೆಯೇ ಇರುತ್ತವೆ. ಅಂಥವನು ಘಾಟಿಯ ತಿರುವಿನಲ್ಲಿ ಒಮ್ಮೆಲೇ ವಾಲಿದರೆ, ಪಳಗಿದ ಪಟ್ಟಿಯಿಂದ ಪಳಗದ ಪಟ್ಟಿಗೆ ಹಠಾತ್ತಾಗಿ ಕಾಲಿಟ್ಟಂತಾಗುತ್ತದೆ. ಆದಕಾರಣ ಮೊದಲು ಅಲ್ಪವಾಗಿಯೂ, ಬಳಿಕ ದಿನದಿನಕ್ಕೆ ಸ್ವಲ್ಪಸ್ವಲ್ಪವೇ ಹೆಚ್ಚಾಗಿಯೂ ಎರಡೂ ಕಡೆಗೆ ವಾಲುತ್ತ ಪಳಗಿಸಬೇಕು. ಕಾರಿನ ಟೈರು ಚಪ್ಪಟೆಯಾದುದರಿಂದ ಅದರ ಅಗಲವೆಲ್ಲವೂ ಹೆಚ್ಚುಕಡಮೆ ಒಟ್ಟಿಗೇ ಪಳಗುತ್ತದೆ. ಅಲ್ಲಿ ಮುಖ್ಯವಾದ ಎಚ್ಚರಿಕೆಯೆಂದರೆ ಮುಂದಿನ ವಾಹನದಿಂದ ದೂರವಿದ್ದು, ಬ್ರೇಕನ್ನು ಮೆದುವಾಗಿ ಒತ್ತುವುದು.

ಎಲ್ಲಿಯವರೆಗೆ ಪಳಗಿದೆಯೆಂಬುದನ್ನು ಟೈರೇ ತೋರಿಸಿಕೊಡುತ್ತದೆ. ಅಚ್ಚಿನಲ್ಲಿ ಸಿಕ್ಕಿಕೊಂಡ ಗಾಳಿ ಹೊರಹೋಗಲೆಂದು ಅನೇಕ ಅಚ್ಚುಗಳಲ್ಲಿ ಸಣ್ಣ ರಂಧ್ರಗಳಿರುತ್ತವೆ. ಅವುಗಳೊಳಕ್ಕೆ ನುಗ್ಗಿದ ರಬ್ಬರೇ ಹೊಸ ಟೈರಿನ ಮೇಲೆ ಕೂದಲಿನಂತೆ ನಿಂತಿರುತ್ತದೆ. ರಸ್ತೆ ತಗುಲಿದ ಕಡೆ ಈ ಕೂದಲು ಬೇಗನೆ ಉದುರಿಹೋಗುತ್ತದೆ. ಕ್ರಮೇಣ ಹೊಳಪು ಅಳಿದು ಮೈ ಮಾಸಲಾಗುತ್ತದೆ. ಹೊಳಪು ಉಳಿದಿರುವ ಜಾಗವು ಇನ್ನೂ ರಸ್ತೆಯನ್ನು ಕಂಡಿಲ್ಲವೆಂದು ತಿಳಿಯಬೇಕು.

ಈ ಕೆಲಸವನ್ನು ಬೇಗ ಮುಗಿಸಲು ಕೆಲವರು ಪೆಟ್ರೋಲಿನಿಂದಲೋ ಸೀಮೆಎಣ್ಣೆಯಿಂದಲೋ ಟೈರನ್ನು ಒರೆಸುವುದುಂಟು. ಇದು ಸಲ್ಲದು. ಇಂಥ ದ್ರವಗಳು ರಬ್ಬರಿನೊಳಕ್ಕೆ ಇಳಿದು ಅದನ್ನು ಉಬ್ಬಿಸುತ್ತವೆ. ಬಿರುಕು ಬಿಡದಂತೆ ಕಾಪಾಡಲು ಬೆರೆಸಿದ ಮೇಣ ಮೊದಲಾದ ದ್ರವ್ಯಗಳನ್ನೂ ಕರಗಿಸಿ ತೆಗೆಯುತ್ತವೆ. ಗಾಳಿಯನ್ನು ಕಡಿಮೆ ಮಾಡುವುದೂ ಸರಿಯಲ್ಲ. ನಿಗದಿಯಾದ ಒತ್ತಡವೇ ಇರಬೇಕು.

ಮೆಲ್ಲಗೆ ಹೋಗಲು ಇನ್ನೊಂದು ಕಾರಣವೂ ಉಂಟು. ಟೈರನ್ನು ಚಕ್ರದ ಬಳೆಗೆ ಕೂಡಿಸುವಾಗ ಸಾಬೂನಿನ ನೀರನ್ನು ಸವರುತ್ತಾರೆ. ಅದು ಒಣಗುವ ಮೊದಲೇ ರಭಸದಿಂದ ಹೊರಟರೆ ಅಥವಾ ಬಲವಾಗಿ ಬ್ರೇಕು ಹಾಕಿದರೆ ಟೈರು ಬಳೆಯ ಮೇಲೆಯೇ ಜರುಗಬಹುದು. ಟ್ಯೂಬು ಇರುವ ಚಕ್ರದಲ್ಲಿ ಗಾಳಿಮೂತಿಯು ಓರೆಯಾಗಿ ನಿಂತಿದ್ದರೆ ಹೀಗಾಗಿರಬಹುದೆಂದು ಶಂಕಿಸಬೇಕು.

ಎಲ್ಲ ಟೈರುಗಳಲ್ಲೂ ಲೇಪದ ಪಸೆ ಒಂದೇ ಪ್ರಮಾಣದಲ್ಲಿರುವುದಿಲ್ಲ. ಅಚ್ಚಿಗೇ ಸ್ಥಿರವಾದ ಹೊದಿಕೆಯನ್ನು ಕೊಟ್ಟು, ಬಿಡಿಸುವ ಲೇಪವಿಲ್ಲದೆಯೇ ತರಿಯಾದ ಮೈಯುಳ್ಳ ಟೈರುಗಳನ್ನು ತೆಗೆಯುವ ವಿಧಾನವನ್ನು ಜರ್ಮನಿಯ ಕಾಂಟಿನೆಂಟಲ್ ಸಂಸ್ಥೆಯು ಮೋಟಾರುಸೈಕಲ್ ಟೈರುಗಳಲ್ಲಿ ಬಳಕೆಗೆ ತಂದಿದೆ. ಆದರೆ ತನ್ನ ಟೈರು ಯಾವ ಬಗೆಯ ಅಚ್ಚಿನಿಂದ ಬಂದಿತೆಂಬುದು ಕೊಳ್ಳುವವನಿಗೆ ಸಾಮಾನ್ಯವಾಗಿ ತಿಳಿದಿರುವುದಿಲ್ಲ. ಆದುದರಿಂದ ಹೊಳಪು ಅಂಚಿನವರೆಗೆ ಮಾಸುವ ತನಕ ವೇಗವನ್ನೂ ವಾಲುವಿಕೆಯನ್ನೂ ಹತೋಟಿಯಲ್ಲಿಟ್ಟುಕೊಳ್ಳುವುದೇ ಕ್ಷೇಮ.