ಎಳನೀರಿನ ಲೇಖನದಲ್ಲಿ ಎಚ್ಚರಿಕೆಯ ಮಾತು ಎಲ್ಲಿರಬೇಕು?

ಬೇಸಿಗೆ ಬಂತೆಂದರೆ ಪತ್ರಿಕೆಗಳ ಆರೋಗ್ಯ ಪುಟದಲ್ಲಿ ಎಳನೀರಿನ ಲೇಖನ ಬಂದೇ ಬರುತ್ತದೆ. ‘ಬಿ.ಪಿ. ಇರುವವರು ದಿನಕ್ಕೊಂದು ಎಳನೀರು ಕುಡಿಯಿರಿ’ ಎಂಬ ಸಲಹೆ ದಪ್ಪಕ್ಷರದಲ್ಲಿರುತ್ತದೆ. ಲೇಖನ ಮುಗಿದ ಮೇಲೆ ಸಣ್ಣ ಅಕ್ಷರದಲ್ಲಿ ಒಂದು ಸಾಲು: ‘ಇದು ಸಾಮಾನ್ಯ ಮಾಹಿತಿ ಮಾತ್ರ. ಅನುಸರಿಸುವ ಮುನ್ನ ವೈದ್ಯರನ್ನು ಸಂಪರ್ಕಿಸಿ.’ ನಾಳೆ ಯಾರಾದರೂ ತಕರಾರು ತೆಗೆದರೆ ಈ ಸಾಲು ಪತ್ರಿಕೆಯ ನೆರವಿಗೆ ಬರಬಹುದು. ಓದಿದವರಿಗೆ ಮಾತ್ರ ಅದರಿಂದ ಏನೂ ತಿಳಿಯುವುದಿಲ್ಲ. ಯಾರು ಸಂಪರ್ಕಿಸಬೇಕು, ಏಕೆ ಸಂಪರ್ಕಿಸಬೇಕು ಎಂಬುದೇ ಅದರಲ್ಲಿಲ್ಲ.

ಎಳನೀರಿನ ವಿಷಯದಲ್ಲಿ ಆ ‘ಯಾರು’ ಮತ್ತು ‘ಏಕೆ’ ಎರಡಕ್ಕೂ ಸ್ಪಷ್ಟ ಉತ್ತರವಿದೆ. 100 ಮಿಲಿಲೀಟರ್ ಎಳನೀರಿನಲ್ಲಿ ಸುಮಾರು 200ರಿಂದ 250 ಮಿಲಿಗ್ರಾಂ ಪೊಟ್ಯಾಷಿಯಂ ಇರುತ್ತದೆ. ಒಂದು ಕಾಯಿಯಲ್ಲಿ 300 ಮಿಲಿಲೀಟರ್ ನೀರು ಸಿಕ್ಕಿತೆಂದರೆ 600 ಮಿಲಿಗ್ರಾಂಗೆ ಕಡಿಮೆಯಿಲ್ಲ. ಕಿಡ್ನಿ ಸರಿಯಾಗಿ ಕೆಲಸ ಮಾಡುವವರಲ್ಲಿ ಹೆಚ್ಚಾದ ಪೊಟ್ಯಾಷಿಯಂ ಮೂತ್ರದಲ್ಲಿ ಹೋಗಿಬಿಡುತ್ತದೆ. ಕಿಡ್ನಿ ದುರ್ಬಲವಾಗಿದ್ದರೆ, ಅದರಲ್ಲೂ ಡಯಾಲಿಸಿಸ್ ಮಾಡಿಸಿಕೊಳ್ಳುವವರಲ್ಲಿ, ಅದು ರಕ್ತದಲ್ಲೇ ಉಳಿಯುತ್ತದೆ. ಪ್ರಮಾಣ ಮಿತಿಮೀರಿದರೆ ಹೃದಯದ ಬಡಿತ ಏರುಪೇರಾಗಿ ಜೀವಕ್ಕೇ ಅಪಾಯ. ಮುಂಚಿತವಾಗಿ ಯಾವ ಲಕ್ಷಣವೂ ಕಾಣಿಸದೆ, ರಕ್ತಪರೀಕ್ಷೆಯಲ್ಲಷ್ಟೇ ಗೊತ್ತಾಗುವುದೂ ಉಂಟು.

ಇನ್ನೊಂದು ಸಂಗತಿ ನನ್ನನ್ನು ಹೆಚ್ಚು ಕಾಡುತ್ತದೆ. ಟೆಲ್ಮಿಸಾರ್ಟನ್, ರಾಮಿಪ್ರಿಲ್‌ನಂಥ ಬಿ.ಪಿ. ಮಾತ್ರೆಗಳು ತಾವೇ ರಕ್ತದ ಪೊಟ್ಯಾಷಿಯಂ ಅನ್ನು ಹೆಚ್ಚಿಸಬಲ್ಲವು. ಹೃದ್ರೋಗಿಗಳಿಗೆ ಕೊಡುವ ಸ್ಪೈರೊನೊಲ್ಯಾಕ್ಟೋನ್ ಕೂಡ ಹಾಗೆಯೇ. ಬಿ.ಪಿ. ಎಂಬ ಅಕ್ಷರ ಕಂಡೊಡನೆ ಆ ಲೇಖನ ಓದಲು ಕೂರುವವರೂ ಈ ಮಾತ್ರೆ ನುಂಗುವವರೇ. ವರ್ಷಗಟ್ಟಲೆ ಬಿ.ಪಿ. ಇರುವವರಲ್ಲಿ ಕಿಡ್ನಿ ಸೊರಗಿರುವುದೂ ಅಪರೂಪವಲ್ಲ.

ಹಾಗಾಗಿ ಎಚ್ಚರಿಕೆ ಸಲಹೆಯ ಬೆನ್ನಿಗೇ ಬರಬೇಕು, ಅದೇ ಅಕ್ಷರದ ಗಾತ್ರದಲ್ಲಿ: ‘ಕಿಡ್ನಿ ತೊಂದರೆ ಇರುವವರು, ಡಯಾಲಿಸಿಸ್‌ನಲ್ಲಿರುವವರು ವೈದ್ಯರು ಒಪ್ಪದೆ ಎಳನೀರು ಕುಡಿಯಬೇಡಿ. ಟೆಲ್ಮಿಸಾರ್ಟನ್, ರಾಮಿಪ್ರಿಲ್, ಸ್ಪೈರೊನೊಲ್ಯಾಕ್ಟೋನ್ ತೆಗೆದುಕೊಳ್ಳುವವರು ದಿನವೂ ಕುಡಿಯುವ ಮೊದಲು ಕೇಳಿ. ಮಾತ್ರೆಯನ್ನು ಮಾತ್ರ ನೀವಾಗಿಯೇ ನಿಲ್ಲಿಸಬೇಡಿ.’ ಮಾತ್ರೆಯ ಹೆಸರು ಬರೆದರೆ ಓದುಗರು ಮನೆಯ ಮಾತ್ರೆಯ ಪಟ್ಟಿಯನ್ನು ತಿರುಗಿಸಿ ನೋಡಿಯಾರು. ಕೊನೆಯ ಸಾಲು ಏಕೆಂದರೆ, ಹೆಸರು ಕಂಡು ಹೆದರಿ ಬಿ.ಪಿ. ಮಾತ್ರೆಯನ್ನೇ ಬಿಟ್ಟರೆ ಅದು ಇನ್ನೊಂದು ಅನಾಹುತ.

ಪುಟ ಕಟ್ಟುವವರಿಗೆ ಗೊತ್ತು, ಜಾಗ ಸಾಲದಿದ್ದರೆ ಕತ್ತರಿ ಬೀಳುವುದು ಲೇಖನದ ಬಾಲಕ್ಕೆ. ಓದುಗರೂ ಪೂರ್ತಿ ಪುಟ ಹಂಚುವುದಿಲ್ಲ, ಸಲಹೆಯ ಬಾಕ್ಸನ್ನಷ್ಟೇ ಫೋಟೊ ತೆಗೆದು ವಾಟ್ಸ್ಆ್ಯಪ್‌ನಲ್ಲಿ ಕಳಿಸುತ್ತಾರೆ. ಎಚ್ಚರಿಕೆ ಬಾಕ್ಸಿನೊಳಗೇ ಇದ್ದರೆ ಅದೂ ಜೊತೆಗೆ ಹೋಗುತ್ತದೆ. ದಾರಿತಪ್ಪಿಸುವ ಜಾಹೀರಾತುಗಳ ಬಗ್ಗೆ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರಲ್ಲಿ ತಂದ ಮಾರ್ಗಸೂಚಿಯೂ, ಹಕ್ಕುನುಡಿ ಯಾವ ಭಾಷೆಯಲ್ಲಿದೆಯೋ ಷರತ್ತೂ ಅದೇ ಭಾಷೆಯಲ್ಲಿ, ಎದ್ದು ಕಾಣುವಂತಿರಬೇಕು ಎನ್ನುತ್ತದೆ. ಅದು ಜಾಹೀರಾತಿನ ನಿಯಮ. ಲೇಖನಕ್ಕೆ ಅದಕ್ಕಿಂತ ಸಡಿಲವಾದ ಅಳತೆಗೋಲು ಏಕೆ?

ಪರಿಶೀಲಿಸಿದ ವೈದ್ಯರ ಹೆಸರಿನ ಜಾಗ ಬೇರೆ. ಅದು ಶೀರ್ಷಿಕೆಯ ಕೆಳಗೆ, ಲೇಖಕರ ಹೆಸರಿನ ಪಕ್ಕದಲ್ಲಿರಬೇಕು. ನಂಬಬೇಕೋ ಬೇಡವೋ ಎಂದು ಓದುಗರು ತೀರ್ಮಾನಿಸುವುದು ಓದುವ ಮೊದಲು. ‘ತಜ್ಞರಿಂದ ಪರಿಶೀಲಿತ’ ಎಂದಷ್ಟೇ ಬರೆದರೆ ಏನೂ ಹೇಳಿದಂತಾಗಲಿಲ್ಲ. ಚರ್ಮರೋಗ ತಜ್ಞರೊಬ್ಬರು ಎಳನೀರಿನ ಲೇಖನ ನೋಡಿಕೊಟ್ಟಿದ್ದರೆ ಅದು ಓದುಗರಿಗೆ ತಿಳಿಯಬೇಕು. ಹೆಸರು, ಪದವಿ, ಯಾವ ವಿಭಾಗ, ಯಾವ ತಿಂಗಳಲ್ಲಿ ನೋಡಿದರು, ಇಷ್ಟು ಸಾಕು. ವೈದ್ಯರು ಮಾತ್ರೆಗಳ ಭಾಗವನ್ನಷ್ಟೇ ನೋಡಿದ್ದರೆ ‘ಔಷಧದ ಭಾಗವನ್ನು ಪರಿಶೀಲಿಸಿದವರು’ ಎಂದೇ ಬರೆಯಬೇಕು.

ಕ್ಲಿನಿಕ್ಕಿನ ವಿಳಾಸ, ಫೋನ್ ನಂಬರ್ ಮಾತ್ರ ಬೇಡ. ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ವೃತ್ತಿ ನಿಯಮಾವಳಿ, ಸಾರ್ವಜನಿಕ ಆರೋಗ್ಯದ ವಿಷಯಗಳ ಬಗ್ಗೆ ವೈದ್ಯರು ತಮ್ಮ ಹೆಸರಿನಲ್ಲೇ ಪತ್ರಿಕೆಗಳಿಗೆ ಬರೆಯಲು ಅವಕಾಶ ಕೊಟ್ಟಿದೆ. ಆದರೆ ಅದು ತಮ್ಮದೇ ಪ್ರಚಾರವಾಗಬಾರದು.

ಎಡವುವ ಜಾಗ ಇನ್ನೊಂದಿದೆ. ವೈದ್ಯರಿಗೆ ಕಳಿಸುವುದು ಬರಹವನ್ನು. ಶೀರ್ಷಿಕೆ, ಬಾಕ್ಸು, ಚಿತ್ರದ ಕೆಳಗಿನ ಸಾಲುಗಳೆಲ್ಲ ಆಮೇಲೆ ಡೆಸ್ಕಿನಲ್ಲಿ ಹುಟ್ಟುತ್ತವೆ. ‘ಕೆಲವರಿಗೆ ಒಳ್ಳೆಯದು’ ಎಂದು ಅವರು ತಿದ್ದಿದ್ದು ಶೀರ್ಷಿಕೆಯಲ್ಲಿ ‘ಬಿ.ಪಿ.ಗೆ ರಾಮಬಾಣ’ ಆಗುತ್ತದೆ, ಕೆಳಗೆ ಅವರದೇ ಹೆಸರಿರುತ್ತದೆ. ಪುಟ ಸಿದ್ಧವಾದ ಮೇಲೆ ಅದರ ಪ್ರೂಫನ್ನು ಮತ್ತೊಮ್ಮೆ ವೈದ್ಯರಿಗೆ ಕಳಿಸಿ ಒಪ್ಪಿಗೆ ಪಡೆಯಬೇಕು. ಅಷ್ಟಕ್ಕೆ ಸಮಯವಿಲ್ಲದಿದ್ದರೆ ಪುಟದಲ್ಲಿ ಅವರ ಹೆಸರು ಹಾಕಬಾರದು.