ಕೊನೆಯ ಸಾಲಿಗೂ ಸಿಗಲಿ ಕ್ಯೂಆರ್ ಕೋಡ್

ಕಾಲೇಜಿನ ಸಭಾಂಗಣದಲ್ಲಿ ಕುವೆಂಪು ಅವರ ಬಗ್ಗೆ ಉಪನ್ಯಾಸ. ಹೆಚ್ಚು ಓದುವವರಿಗಾಗಿ ಕನ್ನಡ ವಿಕಿಪೀಡಿಯಾದ ಪುಟದ ಕ್ಯೂಆರ್ ಕೋಡನ್ನು ಕೊನೆಯ ಸ್ಲೈಡಿನ ಮೂಲೆಯಲ್ಲಿ ಹಾಕಿದ್ದಾರೆ. ಮುಂದಿನ ಸಾಲಿನವರ ಫೋನಿನಲ್ಲಿ ಪುಟ ತಕ್ಷಣ ತೆರೆಯುತ್ತದೆ. ಹಿಂದಿನವರು ಫೋನ್ ಎತ್ತಿ ಹಿಡಿದು, ಮುಂದಕ್ಕೆ ಬಾಗಿ, ಕಡೆಗೆ ಸುಮ್ಮನಾಗುತ್ತಾರೆ. ತೊಂದರೆ ಅವರ ಫೋನಿನಲ್ಲಿಲ್ಲ, ಸ್ಲೈಡಿನಲ್ಲಿದೆ.

ಕ್ಯೂಆರ್ ಕೋಡನ್ನು ಜಪಾನಿನ ಡೆನ್ಸೊ ಕಂಪನಿಯವರು 1994ರಲ್ಲಿ ರೂಪಿಸಿದ್ದು ಕಾರಿನ ಬಿಡಿಭಾಗಗಳನ್ನು ಗುರುತಿಸಲು. ಅಲ್ಲಿ ಸ್ಕ್ಯಾನರನ್ನು ಪೆಟ್ಟಿಗೆಯ ಹತ್ತಿರವೇ ಹಿಡಿಯುತ್ತಿದ್ದರು. ಸಭಾಂಗಣದಲ್ಲಿ ಅದೇ ಕೋಡನ್ನು ನಲವತ್ತು ಅಡಿ ದೂರದಿಂದ ಓದಬೇಕು. ಇದಕ್ಕೊಂದು ರೂಢಿಯ ಲೆಕ್ಕವಿದೆ: ಕೋಡು ಎಷ್ಟು ಅಗಲವೋ ಅದರ ಹತ್ತು ಪಟ್ಟು ದೂರದವರೆಗೆ ಫೋನು ಸಲೀಸಾಗಿ ಓದುತ್ತದೆ. ಪರದೆ ಎಂಟು ಅಡಿ ಅಗಲ, ನಾಲ್ಕೂವರೆ ಅಡಿ ಎತ್ತರ ಇದೆ ಎಂದುಕೊಳ್ಳಿ. ಮೂಲೆಯ ಒಂದು ಅಡಿಯ ಕೋಡು ಹತ್ತು ಅಡಿಯವರಿಗಷ್ಟೇ ಸಾಕು. ಹಾಗಾಗಿ ಕೋಡಿಗೆಂದೇ ಒಂದು ಸ್ಲೈಡ್ ಮೀಸಲಿಡಬೇಕು. ಅದನ್ನು ಮೂರು ಅಡಿಗೆ ಹಿಗ್ಗಿಸಿದರೆ ಮೂವತ್ತು ಅಡಿಯವರೆಗೆ ತಲುಪುತ್ತದೆ, ಅದರಾಚೆಯವರು ಕ್ಯಾಮೆರಾವನ್ನು ಸ್ವಲ್ಪ ಜೂಮ್ ಮಾಡಿಕೊಂಡರಾಯಿತು. ನಾಲ್ಕು ಅಡಿ ಮಾಡಲು ಹೋಗಬೇಡಿ. ಕೋಡಿನ ಸುತ್ತ ಅದರದೇ ನಾಲ್ಕು ಚೌಕಗಳಷ್ಟು ಬಿಳಿ ಅಂಚು ಇರಲೇಬೇಕು, ಅದಕ್ಕೆ ಜಾಗ ಉಳಿಯುವುದಿಲ್ಲ.

ಅಗಲದಷ್ಟೇ ಮುಖ್ಯವಾದದ್ದು ಒಳಗಿನ ಚೌಕಗಳ ಗಾತ್ರ. ವಿಳಾಸ ಉದ್ದವಾದಷ್ಟೂ ಚೌಕಗಳು ಹೆಚ್ಚುತ್ತವೆ, ಪ್ರತಿಯೊಂದೂ ಸಣ್ಣದಾಗುತ್ತದೆ. ಈ ವಿಷಯದಲ್ಲಿ ಕನ್ನಡ ಪುಟಗಳಿಗೆ ಹೆಚ್ಚಿನ ಏಟು ಬೀಳುತ್ತದೆ. ಬ್ರೌಸರಿನಲ್ಲಿ ‘ಕುವೆಂಪು’ ಎಂದೇ ಕಾಣುವ ವಿಳಾಸವನ್ನು ನಕಲು ಮಾಡಿ ಅಂಟಿಸಿದರೆ ಸಿಗುವುದು ಇದು:

```
https://kn.wikipedia.org/wiki/%E0%B2%95%E0%B3%81%E0%B2%B5%E0%B3%86%E0%B2%82%E0%B2%AA%E0%B3%81
```

ಕನ್ನಡದ ಒಂದೊಂದು ಅಕ್ಷರವೂ, ಒಂದೊಂದು ಸ್ವರಚಿಹ್ನೆಯೂ, ಸೊನ್ನೆಯೂ ಇಲ್ಲಿ ಒಂಬತ್ತು ಚಿಹ್ನೆಗಳಾಗಿವೆ. ‘ಕುವೆಂಪು’ ಒಂದಕ್ಕೇ 63, ಇಡೀ ವಿಳಾಸಕ್ಕೆ 93. ಮಧ್ಯಮ ಮಟ್ಟದ ದೋಷ ತಿದ್ದುಪಡಿ, ಅಂದರೆ ಸುಮಾರು 15% ಅಳಿಸಿಹೋದರೂ ಓದಿಸಿಕೊಳ್ಳುವ ಶಕ್ತಿ, ಇಟ್ಟುಕೊಂಡರೆ ಈ ವಿಳಾಸಕ್ಕೆ 41x41 ಚೌಕಗಳ ಕೋಡು ಬೇಕು. ವಿಕಿಪೀಡಿಯಾ ಪುಟಗಳಿಗೆ w.wiki ಎಂಬ ಕಿರು ವಿಳಾಸದ ಸೌಲಭ್ಯವಿದೆ. ಅದರಲ್ಲಿ ತುದಿಗೆ ನಾಲ್ಕು ಅಕ್ಷರ ಸಿಕ್ಕರೆ ಒಟ್ಟು 19 ಚಿಹ್ನೆ, 25x25 ಚೌಕಗಳ ಕೋಡು ಸಾಕು. ಮೂರು ಅಡಿಯ ಅದೇ ಕೋಡಿನಲ್ಲಿ ಒಂದು ಚೌಕ ಎರಡು ಸೆಂಟಿಮೀಟರಿನ ಬದಲು ಮೂರೂವರೆ ಸೆಂಟಿಮೀಟರ್ ಆಗುತ್ತದೆ. ಹಿಂದಿನ ಸಾಲಿಗೆ ಕೋಡು ಸಿಗುವುದೋ ಇಲ್ಲವೋ ಎನ್ನುವುದು ಬಹುಮಟ್ಟಿಗೆ ಇಲ್ಲೇ ತೀರ್ಮಾನವಾಗುತ್ತದೆ.

ಪಕ್ಕದಲ್ಲಿ ಕಿರು ಲಿಂಕನ್ನು ದಪ್ಪಕ್ಷರದಲ್ಲಿ ಬರೆಯುವುದನ್ನು ಅನೇಕರು ಬಿಟ್ಟುಬಿಡುತ್ತಾರೆ. ಆದರೆ ಮನೆಯಲ್ಲಿ ಕೂತು ಫೋನಿನಲ್ಲೇ ಜೂಮ್ ಸಭೆ ನೋಡುತ್ತಿರುವವರು ತಮ್ಮದೇ ಪರದೆಗೆ ಕ್ಯಾಮೆರಾ ಹಿಡಿಯುವುದು ಹೇಗೆ? ಅವರಿಗೆ ಲಿಂಕೇ ಗತಿ. w.wiki ಕೊಡುವ ತುದಿಯಲ್ಲಿ ದೊಡ್ಡ ಸಣ್ಣ ಇಂಗ್ಲಿಷ್ ಅಕ್ಷರಗಳೂ ಅಂಕಿಗಳೂ ಬೆರೆತಿರಬಹುದು. ಅದನ್ನು ನೋಡಿಕೊಂಡು ಟೈಪ್ ಮಾಡುವುದು ಕಷ್ಟ. ಕೈಯಲ್ಲಿ ಬರೆದುಕೊಳ್ಳುವವರಿಗಾಗಿ tinyurl.com ನಂಥ ಕಡೆ kuvempu-pata ಮಾದರಿಯ, ಬರೀ ಸಣ್ಣ ಅಕ್ಷರಗಳ ಹೆಸರನ್ನು ನಾವೇ ಆರಿಸಿಕೊಳ್ಳುವುದು ಮೇಲು. l ಮತ್ತು 1, O ಮತ್ತು 0 ಒಂದೇ ಥರ ಕಾಣುವ ಹೆಸರು ಬೇಡ. ಲಿಂಕಿನ ಕೆಳಗೆ ‘ಕನ್ನಡ ವಿಕಿಪೀಡಿಯಾ: ಕುವೆಂಪು’ ಎಂದು ಬರೆದರೆ ಇನ್ನೂ ಒಳ್ಳೆಯದು. ಕೋಡೂ ಕಿರು ಲಿಂಕೂ ಹೋಗುವ ಜಾಗವನ್ನು ಮರೆಮಾಡುತ್ತವೆ. ಎಲ್ಲಿಗೆ ಹೋಗುತ್ತಿದ್ದೇವೆಂದು ತಿಳಿಯುವುದು ಸಭಿಕರ ಹಕ್ಕು.

ಕಿರು ಲಿಂಕಿನ ಆಯಸ್ಸು ಅದನ್ನು ಕೊಟ್ಟ ಕಂಪನಿಯ ಕೈಯಲ್ಲಿದೆ. ಗೂಗಲ್ ತನ್ನ goo.gl ನಲ್ಲಿ ಹೊಸ ಲಿಂಕ್ ಮಾಡುವುದನ್ನು 2019ರಲ್ಲಿ ನಿಲ್ಲಿಸಿತು. ಸ್ಲೈಡನ್ನು ವರ್ಷಗಟ್ಟಲೆ ಬಳಸುವವರು ಪುಟದ ಪೂರ್ತಿ ಹೆಸರನ್ನೂ ಟಿಪ್ಪಣಿಯಲ್ಲಿ ಇಟ್ಟುಕೊಳ್ಳಬೇಕು. ಉಚಿತವೆಂದು ಮಾಡಿಕೊಟ್ಟು, ಪ್ರಾಯೋಗಿಕ ಅವಧಿ ಮುಗಿದ ಮೇಲೆ ಹಣ ಕೇಳುವ ಕೋಡ್ ಜಾಲತಾಣಗಳೂ ಇವೆ. ವಿಳಾಸವನ್ನೇ ನೇರವಾಗಿ ಹೊತ್ತ ಕೋಡಿಗೆ ಆ ಭಯವಿಲ್ಲ.

ಬಣ್ಣದ ಮಾತು ಚಿಕ್ಕದು: ಬಿಳಿಯ ಮೇಲೆ ಕಪ್ಪು. ಕಪ್ಪು ಹಿನ್ನೆಲೆಯ ಮೇಲೆ ಬಿಳಿ ಕೋಡು ಚೆಂದ ಕಂಡರೂ ಕೆಲವು ಆ್ಯಪ್‌ಗಳು ಅದನ್ನು ಓದುವುದಿಲ್ಲ. ಹಗಲು ಬೆಳಕಿನ ಕೋಣೆಯಲ್ಲಿ ಪ್ರೊಜೆಕ್ಟರಿನ ತಿಳಿಬಣ್ಣಗಳು ಮಾಸಿಹೋಗುತ್ತವೆ. ಸ್ಲೈಡನ್ನು ಅರ್ಧ ನಿಮಿಷವಾದರೂ ಪರದೆಯ ಮೇಲೆ ನಿಲ್ಲಿಸಿ.

ಉಪನ್ಯಾಸಕ್ಕೆ ಹದಿನೈದು ನಿಮಿಷ ಮುಂಚೆ ಕೊನೆಯ ಸಾಲಿನ ತುದಿಯ ಕುರ್ಚಿಗೆ ಹೋಗಿ, ಬೇರೆಯವರ ಫೋನಿನಿಂದ ಕೋಡನ್ನು ಒಮ್ಮೆ ತೆರೆದು ನೋಡಿ. ಬೇರೆಯವರ ಫೋನೇ ಏಕೆಂದರೆ, ಗೂಗಲ್ ಡ್ರೈವಿನಲ್ಲಿಟ್ಟ ಕಡತ ನಿಮ್ಮ ಫೋನಿನಲ್ಲಿ ತೆರೆದುಕೊಂಡು, ಸಭಿಕರಿಗೆ ಮಾತ್ರ ಅನುಮತಿ ಕೇಳುವ ಪುಟ ತೋರಿಸುವುದುಂಟು.